ಉಚಿತ ಆನ್‌ಲೈನ್ ಕೋರ್ಸ್‌ಗಳಲ್ಲಿ ಯಾವುದರ ಪ್ರಮಾಣಪತ್ರಕ್ಕೆ ಬೆಲೆಯಿದೆ? ಸಾವಿರ ರೂಪಾಯಿಯೊಳಗೆ ಆರಿಸಿಕೊಳ್ಳಬೇಕಾಗಿದೆ

ತೆಂಗಿನಸೀಮೆ

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ಕಡೆಯ ಸರ್ಕಾರಿ ಕಾಲೇಜೊಂದರಲ್ಲಿ ಗಣಿತ ಮತ್ತು ಗಣಕ ವಿಜ್ಞಾನ ತೆಗೆದುಕೊಂಡು ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸುತ್ತಿದ್ದೇನೆ. ಕಳೆದ ಒಂದು ವರ್ಷದಲ್ಲಿ ಬೇರೆ ಬೇರೆ ತಾಣಗಳಿಂದ ಹನ್ನೊಂದು ಪ್ರಮಾಣಪತ್ರಗಳನ್ನು ಪಡೆದೆ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ಗಂಟೆಗಳ ಕೋರ್ಸ್‌ಗಳು. ವಿಡಿಯೊ ಮುಗಿಸಿ, ಹತ್ತು ಪ್ರಶ್ನೆಗಳಿಗೆ ಉತ್ತರ ಗುರುತು ಮಾಡಿದರೆ ತಕ್ಷಣ ನನ್ನ ಹೆಸರಿರುವ ಪಿಡಿಎಫ್ ಸಿಗುತ್ತಿತ್ತು. ಕಳೆದ ತಿಂಗಳು ಪಕ್ಕದ ಕಾಲೇಜಿನಲ್ಲಿ ನಡೆದ ಉದ್ಯೋಗ ಸಂದರ್ಶನಕ್ಕೆ ನಮ್ಮ ಸೀನಿಯರ್ ಒಬ್ಬರು ಇಂಥವೇ ಹದಿನೈದನ್ನು ಕಡತದಲ್ಲಿ ಹಾಕಿಕೊಂಡು ಹೋಗಿದ್ದರು. ಸಂದರ್ಶಕರು ಕಡತವನ್ನು ಮಗುಚಿ ನೋಡಿ, ಒಂದರ ಬಗ್ಗೆಯೂ ಪ್ರಶ್ನೆ ಕೇಳದೆ ಪಕ್ಕಕ್ಕಿಟ್ಟರಂತೆ. ಅದನ್ನು ಕೇಳಿದ ಮೇಲೆ ನಾನು ಕಳೆದ ವರ್ಷ ಪೂರ್ತಿ ಏನು ಮಾಡಿದೆ ಎಂಬ ಚಿಂತೆ ಹತ್ತಿಕೊಂಡಿದೆ.

ಮುಂದಿನ ಸೆಮಿಸ್ಟರ್‌ನಲ್ಲಿ ದಿನಕ್ಕೆ ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಬಲ್ಲೆ. ಲ್ಯಾಪ್‌ಟಾಪ್ ಇಲ್ಲ, ಫೋನ್ ಇದೆ, ಕಾಲೇಜಿನ ಲ್ಯಾಬ್ ಸಂಜೆ ಐದರವರೆಗೆ ತೆರೆದಿರುತ್ತದೆ. ಮನೆಯಲ್ಲಿ ಹೆಚ್ಚೆಂದರೆ ಸಾವಿರ ರೂಪಾಯಿ ಕೇಳಬಹುದು. ಯಾವ ತಾಣದಲ್ಲಿ ಕಲಿತರೆ ಅದರ ಪ್ರಮಾಣಪತ್ರವನ್ನು ಓದುವವರು ನಂಬುತ್ತಾರೆ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ವೈಟ್‌ಫೀಲ್ಡ್ ನಿವಾಸಿ

ಇದಕ್ಕೆ ಇಷ್ಟು ಯೋಚಿಸಬೇಕಾಗಿಲ್ಲ. ಕೋರ್ಸೆರಾ ಮತ್ತು ಎಡ್‌ಎಕ್ಸ್ ಎರಡೂ ಉಚಿತವಾಗಿವೆ, ಅಲ್ಲಿ ಹೊರದೇಶದ ದೊಡ್ಡ ವಿಶ್ವವಿದ್ಯಾಲಯಗಳ ಪಾಠಗಳೇ ಸಿಗುತ್ತವೆ. ನಮ್ಮ ದೇಶದ್ದೇ ಬೇಕೆಂದರೆ ಕೇಂದ್ರ ಸರ್ಕಾರದ ಸ್ವಯಂ ಎಂಬ ತಾಣವಿದೆ. ಸ್ವಯಂನಲ್ಲಿ ಮಾಡಿದ ಕೋರ್ಸ್‌ಗಳನ್ನು ಒಂದು ಸೆಮಿಸ್ಟರ್‌ನ ನಲವತ್ತು ಶೇಕಡಾದವರೆಗೆ ಪದವಿಗೆ ಸೇರಿಸಿಕೊಳ್ಳಬೇಕೆಂದು ಯುಜಿಸಿ 2021ರಲ್ಲಿಯೇ ನಿಯಮ ಮಾಡಿದೆ. ಆದ್ದರಿಂದ ನೀವು ಕೋರ್ಸ್ ಮುಗಿಸಿ ಪ್ರಮಾಣಪತ್ರ ತಂದುಕೊಟ್ಟರೆ ಕಾಲೇಜಿನವರು ಕ್ರೆಡಿಟ್ ಕೊಡಲೇಬೇಕು, ಇಲ್ಲವೆನ್ನುವಂತಿಲ್ಲ.

ಲ್ಯಾಬ್ ಮೇಷ್ಟ್ರು

ನಾನು ಹಳೆ ಮೈಸೂರು ಭಾಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆರು ವರ್ಷಗಳಿಂದ ನಮ್ಮ ಕಾಲೇಜಿನಲ್ಲಿ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನು ನೋಡಿಕೊಳ್ಳುವ ಲೋಕಲ್ ಚಾಪ್ಟರ್ ಎಂಬ ಘಟಕದ ಸ್ಪಾಕ್, ಅಂದರೆ ಸಂಯೋಜಕನಾಗಿಯೂ ಕೆಲಸ ಮಾಡುತ್ತಿದ್ದೇನೆ. ಮೇಲಿನ ಉತ್ತರದಲ್ಲಿ ಅರ್ಧ ಸರಿಯಿದೆ, ಉಳಿದರ್ಧವನ್ನು ನಂಬಿಕೊಂಡ ವಿದ್ಯಾರ್ಥಿಗಳು ಪ್ರತಿವರ್ಷ ನನ್ನ ಕೊಠಡಿಗೆ ಬಂದು ಬೇಸರದಿಂದ ಮರಳುವುದನ್ನು ನೋಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೋರ್ಸೆರಾ, ಎಡ್‌ಎಕ್ಸ್‌ಗಳಲ್ಲಿ ಬಹಳಷ್ಟು ಪಾಠಗಳನ್ನು ದುಡ್ಡಿಲ್ಲದೆ ನೋಡಬಹುದು ಎಂಬುದು ನಿಜ, ಆದರೆ ಎಷ್ಟು ಭಾಗ ನೋಡಬಹುದು ಎಂಬುದು ಕೋರ್ಸಿನಿಂದ ಕೋರ್ಸಿಗೆ ಬೇರೆಯಾಗುತ್ತದೆ, ಮತ್ತು ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಹಣ ಕಟ್ಟಬೇಕು. ಕಲಿಯುವುದಕ್ಕೆ ಅವು ಒಳ್ಳೆಯ ಜಾಗಗಳು. ಈ ವಿದ್ಯಾರ್ಥಿನಿ ಕೇಳಿರುವುದು ಪ್ರಮಾಣಪತ್ರದ ಬಗ್ಗೆ.

ನನ್ನ ದೃಷ್ಟಿಯಲ್ಲಿ ತಾಣದ ಹೆಸರಿಗಿಂತ ಮೊದಲು ನೋಡಬೇಕಾದದ್ದು ಪರೀಕ್ಷೆಯನ್ನು. ಆ ಪತ್ರದಲ್ಲಿ ಹೆಸರಿರುವ ವ್ಯಕ್ತಿಯೇ ಕುಳಿತು ಉತ್ತರ ಬರೆದಿದ್ದಾರೆ ಎಂಬುದಕ್ಕೆ ಏನು ಆಧಾರವಿದೆ ಎಂದು ಕೇಳಿಕೊಳ್ಳಿ. ನೀವು ಹೇಳಿದ ಹತ್ತು ಪ್ರಶ್ನೆಗಳ ಕೋರ್ಸ್‌ಗಳಲ್ಲಿ ವಿಡಿಯೊವನ್ನು ಕೊನೆಯವರೆಗೆ ಎಳೆದುಬಿಟ್ಟು, ತಪ್ಪಾದ ಉತ್ತರಗಳನ್ನು ಮತ್ತೆ ಮತ್ತೆ ಬದಲಿಸಿ ಮುಗಿಸಲು ಬರುತ್ತದೆ. ಸಂದರ್ಶಕರಿಗೂ ಅದು ಗೊತ್ತಿದೆ. ಎನ್‌ಪಿಟಿಇಎಲ್ ಅನ್ನು ನಾನು ಮುಂದೆ ಇಡುವುದು ಈ ಕಾರಣಕ್ಕೆ. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ಕೋರ್ಸ್‌ಗಳು ಈಗ ಸ್ವಯಂ ತಾಣದಲ್ಲಿ ನಡೆಯುತ್ತವೆ. ನೋಂದಣಿ, ವಿಡಿಯೊ, ವಾರದ ಅಸೈನ್‌ಮೆಂಟ್ ಎಲ್ಲವೂ ಉಚಿತ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ನಾನು ಕಳೆದ ಸಲ ವಿದ್ಯಾರ್ಥಿಗಳಿಂದ ಕಟ್ಟಿಸಿದಾಗ ಅದು ಒಂದು ಕೋರ್ಸಿಗೆ 1000 ರೂಪಾಯಿ ಇತ್ತು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅದರ ಅರ್ಧ. ಪರೀಕ್ಷೆ ನಿಗದಿತ ಕೇಂದ್ರದಲ್ಲಿ, ಹಾಲ್ ಟಿಕೆಟ್ ಮತ್ತು ಮೂಲ ಗುರುತಿನ ಚೀಟಿ ತೋರಿಸಿ, ಕಂಪ್ಯೂಟರ್ ಮುಂದೆ ಕುಳಿತು ಮೂರು ಗಂಟೆ ಬರೆಯುವಂಥದ್ದು. ನಿಮ್ಮ ಬಳಿ ಇರುವ ಸಾವಿರ ರೂಪಾಯಿಗೆ ಇದೊಂದು ಸರಿಯಾದ ಬಳಕೆ.

ಇನ್ನು ಕ್ರೆಡಿಟ್ ವಿಷಯ. ಯುಜಿಸಿ ನಿಯಮದಲ್ಲಿ ನಲವತ್ತು ಶೇಕಡಾ ಎಂಬುದು ಮಿತಿ. ಅಷ್ಟರವರೆಗೆ ಒಪ್ಪಿಕೊಳ್ಳಲು ವಿಶ್ವವಿದ್ಯಾಲಯಕ್ಕೆ ಅವಕಾಶವಿದೆ ಎಂದರ್ಥ. ಯಾವ ಕೋರ್ಸ್ ಯಾವ ವಿಷಯದ ಬದಲಿಗೆ ಎಂಬುದನ್ನು ಸಂಸ್ಥೆ ಮೊದಲೇ ಒಪ್ಪಿರಬೇಕು. ಮುಗಿಸಿ ಬಂದು ಪತ್ರ ಕೊಟ್ಟರೆ ಯಾರೂ ಏನೂ ಮಾಡಲಾರರು. ನಮ್ಮ ಕಾಲೇಜಿನಲ್ಲಿಯೇ ಒಬ್ಬ ಹುಡುಗ ಹನ್ನೆರಡು ವಾರದ ಕೋರ್ಸನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿ ಬಂದ. ಅದರ ಪಠ್ಯ ಅವನು ಆಗಲೇ ಪಾಸಾಗಿದ್ದ ವಿಷಯದ್ದೇ ಆಗಿದ್ದರಿಂದ ಕ್ರೆಡಿಟ್ ಸಿಗಲಿಲ್ಲ.

ಬಿಸಿಎ ಮೂರನೇ ವರ್ಷ

ಮೇಷ್ಟ್ರು ಹೇಳಿದ್ದು ನಿಜ, ಆದರೆ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು ನನಗೆ ಆದದ್ದನ್ನು ತಿಳಿದುಕೊಳ್ಳಿ. ನಾನು ಡೇಟಾಬೇಸ್ ಮೇಲಿನ ಎಂಟು ವಾರದ ಕೋರ್ಸ್ ತೆಗೆದುಕೊಂಡಿದ್ದೆ. ಒಟ್ಟು 40 ಬಂದರೆ ಪಾಸು ಎಂದು ಗೆಳೆಯರು ಹೇಳಿದ್ದರು. ನನಗೆ ಒಟ್ಟು 48.5 ಬಂತು, ಆದರೂ ಪ್ರಮಾಣಪತ್ರ ಬರಲಿಲ್ಲ. ಏನೋ ತಪ್ಪಾಗಿದೆ ಎಂದು ಮೇಲ್ ಕೂಡ ಕಳಿಸಿದೆ. ನಿಯಮದ ಪ್ರಕಾರವೇ ಇದೆ ಎಂದು ಉತ್ತರ ಬಂತು. ಮನೆಯಲ್ಲಿ ಸಾವಿರ ರೂಪಾಯಿಗೆ ಲೆಕ್ಕ ಹೇಳುವುದು ನನಗೆ ಬಹಳ ಕಷ್ಟವಾಯಿತು.

ಲ್ಯಾಬ್ ಮೇಷ್ಟ್ರು

ನಿಮ್ಮ ಅಸೈನ್‌ಮೆಂಟ್ ಅಂಕಗಳನ್ನು ಇಲ್ಲಿ ಹಾಕಿದರೆ ಲೆಕ್ಕ ಬಿಡಿಸಿ ತೋರಿಸುತ್ತೇನೆ, ಈ ಚರ್ಚೆ ಓದುವ ಬೇರೆಯವರಿಗೂ ಉಪಯೋಗವಾಗುತ್ತದೆ.

ಬಿಸಿಎ ಮೂರನೇ ವರ್ಷ

ಎಂಟು ವಾರಗಳಲ್ಲಿ ಕ್ರಮವಾಗಿ 80, 90, 70, 0, 85, 95, 60, 0. ಎರಡು ವಾರ ನಮ್ಮ ಇಂಟರ್ನಲ್ಸ್ ಇದ್ದುದರಿಂದ ಸಲ್ಲಿಸಲು ಆಗಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 38.

ಲ್ಯಾಬ್ ಮೇಷ್ಟ್ರು

ಎಂಟು ವಾರದ ಕೋರ್ಸಿನಲ್ಲಿ ಅತ್ಯುತ್ತಮವಾದ ಆರು ಅಸೈನ್‌ಮೆಂಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹನ್ನೆರಡು ವಾರದ್ದಾದರೆ ಎಂಟನ್ನು. ಹಾಗಾಗಿ ನೀವು ಬಿಟ್ಟ ಎರಡು ವಾರಗಳಿಂದ ನಷ್ಟವೇನೂ ಆಗಲಿಲ್ಲ. ಉಳಿದ ಆರರ ಮೊತ್ತ 480, ಸರಾಸರಿ 80. ಅಸೈನ್‌ಮೆಂಟ್‌ಗೆ ಇರುವುದು 25 ಅಂಕ, ಅದರ ಎಂಬತ್ತು ಶೇಕಡಾ ಎಂದರೆ 20. ಪರೀಕ್ಷೆಗೆ 75 ಅಂಕ. ನೂರಕ್ಕೆ 38 ಎಂದರೆ ಎಪ್ಪತ್ತೈದಕ್ಕೆ 28.5. ಕೂಡಿದರೆ 48.5, ಸರಿಯಾಗಿಯೇ ಇದೆ. ಆದರೆ ಪಾಸಾಗಲು ಎರಡು ಷರತ್ತುಗಳು ಬೇರೆ ಬೇರೆಯಾಗಿ ಪೂರೈಸಬೇಕು: ಅಸೈನ್‌ಮೆಂಟ್‌ನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30. ನೂರರ ಲೆಕ್ಕದಲ್ಲಿ ಪರೀಕ್ಷೆಗೆ 40 ಬೇಕಿತ್ತು, ನಿಮಗೆ ಎರಡು ಅಂಕ ಕಡಿಮೆಯಾಯಿತು. ಅಸೈನ್‌ಮೆಂಟ್‌ನ ಅಂಕ ಎಷ್ಟೇ ಹೆಚ್ಚಿದ್ದರೂ ಆ ಕೊರತೆಯನ್ನು ತುಂಬುವುದಿಲ್ಲ.

ಇದೇ ಅಸೈನ್‌ಮೆಂಟ್ ಅಂಕದೊಂದಿಗೆ ಪರೀಕ್ಷೆಯಲ್ಲಿ 48 ಬಂದಿದ್ದರೆ ಒಟ್ಟು 56 ಆಗಿ ಸಾಮಾನ್ಯ ಪ್ರಮಾಣಪತ್ರ ಸಿಗುತ್ತಿತ್ತು. 60ರಿಂದ ಎಲೀಟ್ ಎಂದು ಅಚ್ಚಾಗುತ್ತದೆ, 75ರಿಂದ ಎಲೀಟ್ ಸಿಲ್ವರ್, 90ರಿಂದ ಎಲೀಟ್ ಗೋಲ್ಡ್. ಕೈಯಲ್ಲಿ 20 ಇರುವವರು ಎಲೀಟ್ ಮುಟ್ಟಲು ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 54 ತೆಗೆಯಬೇಕು. ಗೋಲ್ಡ್ ಬೇಕೆಂದರೆ ಸುಮಾರು 94 ಬೇಕಾಗುತ್ತದೆ. ಹಣ ಕಟ್ಟುವ ಕೊನೆಯ ದಿನದ ಹೊತ್ತಿಗೆ ಮೊದಲ ಕೆಲವು ಅಸೈನ್‌ಮೆಂಟ್‌ಗಳು ಮುಗಿದಿರುತ್ತವೆ, ಆಗ ಕುಳಿತು ಈ ಲೆಕ್ಕ ಹಾಕಿಕೊಳ್ಳಿ. ಸ್ವಂತವಾಗಿ ಬಿಡಿಸಿದ ಅಸೈನ್‌ಮೆಂಟ್‌ಗಳಲ್ಲಿ ಅರ್ಧದಷ್ಟೂ ಬಾರದಿದ್ದರೆ ಹಣ ಕಟ್ಟದೆ ಪಾಠವನ್ನಷ್ಟೇ ಮುಂದುವರಿಸುವುದು ಒಳ್ಳೆಯದು. ಸ್ವಂತವಾಗಿ ಎಂದು ಏಕೆ ಹೇಳಿದೆನೆಂದರೆ, ವಾರದ ಉತ್ತರಗಳು ಟೆಲಿಗ್ರಾಂ ಗುಂಪುಗಳಲ್ಲಿ, ಯೂಟ್ಯೂಬ್‌ನಲ್ಲಿ ಹರಿದಾಡುತ್ತವೆ. ಅವನ್ನು ನಕಲು ಮಾಡಿದವರ ಅಸೈನ್‌ಮೆಂಟ್ ಅಂಕ 24 ಇರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕುಸಿಯುತ್ತಾರೆ. ಪ್ರೋಗ್ರಾಂ ಬರೆಯುವ ಕೆಲವು ಕೋರ್ಸ್‌ಗಳಲ್ಲಿ ಅಂಕ ಹಂಚಿಕೆ ಬೇರೆಯಾಗಿರಬಹುದು, ಅದನ್ನು ಆಯಾ ಕೋರ್ಸಿನ ಪುಟದಲ್ಲಿಯೇ ಬರೆದಿರುತ್ತಾರೆ.

ಮಗಳ ತಂದೆ, ಚಿತ್ರದುರ್ಗ

ನನ್ನ ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಾಳೆ. ಇಲ್ಲಿ ಹೇಳುತ್ತಿರುವ ಸ್ವಯಂನಲ್ಲಿ ಸೇರಿಸಿದರೆ ಮೂರು ವರ್ಷದಲ್ಲಿ ಮನೆಯಲ್ಲಿಯೇ ಕುಳಿತು ಪದವಿ ಸಿಗುತ್ತದೆಯೇ? ಐಐಟಿ ಪದವಿ ಎಂದು ಬರೆದು ಕೊಡುತ್ತಾರೆಯೇ?

ಲ್ಯಾಬ್ ಮೇಷ್ಟ್ರು

ಇಲ್ಲ ಸರ್, ಇವು ಬಿಡಿ ಕೋರ್ಸ್‌ಗಳು, ಇವುಗಳನ್ನು ಎಷ್ಟು ಮುಗಿಸಿದರೂ ಪದವಿಯಾಗುವುದಿಲ್ಲ. ಮನೆಯಿಂದಲೇ ಪದವಿ ಮಾಡಿಸಬೇಕೆಂದಿದ್ದರೆ ಆನ್‌ಲೈನ್ ಅಥವಾ ದೂರಶಿಕ್ಷಣ ಪದವಿ ನಡೆಸಲು ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ನೋಡಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲು ವಿಚಾರಿಸಿ. ಬೇರೆ ಚರ್ಚೆ ಆರಂಭಿಸಿದರೆ ಅಲ್ಲಿ ವಿವರವಾಗಿ ಬರೆಯುತ್ತೇನೆ.

ಸಂದರ್ಶನ ಮಾಡುವವನು

ನಾನು ಬೆಂಗಳೂರಿನ ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಹೊಸಬರನ್ನು ಸಂದರ್ಶಿಸುತ್ತೇನೆ. ಎಲ್ಲ ಸಂದರ್ಶಕರ ಪರವಾಗಿ ಹೇಳಲಾರೆ, ನನ್ನ ಮೇಜಿನ ಮೇಲೆ ಆಗುವುದನ್ನಷ್ಟೇ ಹೇಳುತ್ತೇನೆ. ಎನ್‌ಪಿಟಿಇಎಲ್ ಪತ್ರ ಕಂಡಾಗ ನಾನು ಎಲೀಟ್ ಎಂಬ ಪದಕ್ಕಿಂತ ಮೊದಲು ಅದರ ಕೆಳಗಿರುವ ಎರಡು ಅಂಕಿಗಳನ್ನು ನೋಡುತ್ತೇನೆ. ಅಸೈನ್‌ಮೆಂಟ್ 25ಕ್ಕೆ ಎಷ್ಟು, ಪರೀಕ್ಷೆ 75ಕ್ಕೆ ಎಷ್ಟು ಎಂದು ಅದರಲ್ಲಿ ಬಿಡಿಬಿಡಿಯಾಗಿ ಅಚ್ಚಾಗಿರುತ್ತದೆ. ಮೊದಲನೆಯದು 24.5, ಎರಡನೆಯದು 32 ಇದ್ದರೆ ಏನಾಗಿದೆ ಎಂದು ಮೇಷ್ಟ್ರು ಆಗಲೇ ಹೇಳಿದ್ದಾರೆ. ಮೊದಲನೆಯದು 19, ಎರಡನೆಯದು 50 ಇರುವ ಅಭ್ಯರ್ಥಿಯ ಮೇಲೆ ನನಗೆ ಹೆಚ್ಚು ಗೌರವ. ಆ ಮೇಲೆ ಅದೇ ಕೋರ್ಸಿನಿಂದ ಒಂದು ಪ್ರಶ್ನೆ ಕೇಳುತ್ತೇನೆ. ಡೇಟಾಬೇಸ್ ಕೋರ್ಸ್ ಆದರೆ ಎರಡು ಕೋಷ್ಟಕಗಳನ್ನು ಕಾಗದದ ಮೇಲೆ ಬರೆದು, ಯಾವ ವಿದ್ಯಾರ್ಥಿಗಳು ಇನ್ನೂ ಶುಲ್ಕ ಕಟ್ಟಿಲ್ಲ ಎಂಬುದನ್ನು ತೆಗೆಯುವ ಕ್ವೆರಿ ಬರೆಯಲು ಹೇಳುತ್ತೇನೆ. ಕಲಿತವರು ಐದು ನಿಮಿಷದಲ್ಲಿ ಬರೆಯುತ್ತಾರೆ. ಸಣ್ಣ ತಪ್ಪಿದ್ದರೂ ಪರವಾಗಿಲ್ಲ.

ಹದಿನೈದು ಪತ್ರಗಳ ಕಡತ ತಂದವರನ್ನು ನಾವು ಕಡೆಗಣಿಸುವುದು ಅಹಂಕಾರದಿಂದಲ್ಲ. ಅದರಲ್ಲಿ ಯಾವುದರ ಮೇಲೆ ಪ್ರಶ್ನೆ ಕೇಳಬೇಕೆಂದೇ ತಿಳಿಯುವುದಿಲ್ಲ. ರೆಸ್ಯೂಮೆಯಲ್ಲಿ ಎರಡೇ ಸಾಲು ಇರಲಿ, ಪ್ರತಿಯೊಂದರ ಪಕ್ಕದಲ್ಲಿ ಪರಿಶೀಲಿಸುವ ಕೊಂಡಿ ಇರಲಿ.

ಬಿಸಿಎ ಮೂರನೇ ವರ್ಷ

ಸರ್, ಹಾಗಾದರೆ ಸಿಲ್ವರ್ ಅಥವಾ ಗೋಲ್ಡ್ ಇಲ್ಲದ ಪತ್ರಕ್ಕೆ ಬೆಲೆ ಇಲ್ಲವೇ? ನಮ್ಮ ಪ್ಲೇಸ್‌ಮೆಂಟ್ ವಿಭಾಗದವರು ಎಲೀಟ್‌ಗಿಂತ ಕೆಳಗಿನದನ್ನು ಬರೆಯಲೇಬೇಡಿ ಎನ್ನುತ್ತಾರೆ.

ಸಂದರ್ಶನ ಮಾಡುವವನು

ನಾನು ಒಪ್ಪುವುದಿಲ್ಲ. ಕಠಿಣ ಕೋರ್ಸಿನಲ್ಲಿ 56 ಪಡೆದವರು ಸುಲಭದ ಕೋರ್ಸಿನಲ್ಲಿ 80 ಪಡೆದವರಿಗಿಂತ ಚೆನ್ನಾಗಿ ಉತ್ತರಿಸಿದ್ದನ್ನು ಕಂಡಿದ್ದೇನೆ. ಆದರೆ ಸಾವಿರಾರು ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯುವವರು ಬೇರೆ ಜನ, ಅವರು ಆ ಪದವನ್ನೇ ಹುಡುಕಿದರೆ ನಾನು ಏನೂ ಮಾಡಲಾರೆ.

ಪುತ್ತೂರಿನ ಪ್ರೋಗ್ರಾಮರ್

ಸಾವಿರ ರೂಪಾಯಿಯನ್ನೂ ಕಟ್ಟದೆ ಸಿಗುವ ಒಂದು ಪ್ರಮಾಣಪತ್ರದ ಬಗ್ಗೆ ಹೇಳಬೇಕು. ವೈಟ್‌ಫೀಲ್ಡ್‌ನವರು ಎಡ್‌ಎಕ್ಸ್ ಹೆಸರು ಹೇಳಿದ್ದರಲ್ಲಿ ಇದೇ ಅವರ ಮನಸ್ಸಿನಲ್ಲಿತ್ತೇನೋ. ಹಾರ್ವರ್ಡ್‌ನ ಸಿಎಸ್50 ಎಂಬ ಗಣಕ ವಿಜ್ಞಾನದ ಆರಂಭಿಕ ಕೋರ್ಸಿಗೆ ಎರಡು ರೀತಿಯ ಪತ್ರಗಳಿವೆ. ಎಡ್‌ಎಕ್ಸ್ ಕೊಡುವ ಪತ್ರಕ್ಕೆ ಹಣ ಕಟ್ಟಬೇಕು. ಸಿಎಸ್50 ತಂಡವೇ ಕೊಡುವ ಪತ್ರ ಪೂರ್ತಿ ಉಚಿತ. ಅದಕ್ಕೆ ಪ್ರತಿಯೊಂದು ಪ್ರಾಬ್ಲಂ ಸೆಟ್‌ನಲ್ಲಿ ಕನಿಷ್ಠ ಎಪ್ಪತ್ತು ಶೇಕಡಾ ಪಡೆದು, ಕೊನೆಯಲ್ಲಿ ಸ್ವಂತ ಪ್ರಾಜೆಕ್ಟ್ ಒಂದನ್ನು ಸಲ್ಲಿಸಬೇಕು. ನಾನು 2024ರಲ್ಲಿ ಮುಗಿಸಿದೆ.

ಇಲ್ಲಿ ಪರೀಕ್ಷಾ ಕೇಂದ್ರವಿಲ್ಲ, ಆದರೆ ಕೆಲಸವೇ ಪರೀಕ್ಷೆ. ಎರಡನೆಯ ಹಂತದಲ್ಲಿಯೇ ಸಿ ಭಾಷೆಯಲ್ಲಿ ಬಳಕೆದಾರರಿಂದ ಎತ್ತರ ಕೇಳಿ ಬಲಕ್ಕೆ ಒರಗಿದ ಮೆಟ್ಟಿಲು ಬರೆಯಿಸುತ್ತಾರೆ. 4 ಎಂದು ಕೊಟ್ಟರೆ ಹೀಗೆ ಬರಬೇಕು:

```
   #
  ##
 ###
####
```

ಬರೆದ ಮೇಲೆ ಆ ವರ್ಷ ಈ ಆದೇಶ ಕೊಟ್ಟರೆ ಅವರ ಯಂತ್ರವೇ ತಿದ್ದುತ್ತಿತ್ತು:

```
check50 cs50/problems/2024/x/mario/less
```

ನನ್ನದು ಮೊದಲ ಸಲ ಚಿತ್ರ ಸರಿಯಾಗಿ ಬಂದರೂ ಪಾಸಾಗಲಿಲ್ಲ, ಏಕೆಂದರೆ ಎತ್ತರ -1 ಎಂದು ಕೊಟ್ಟಾಗ ಮತ್ತೆ ಕೇಳಬೇಕೆಂಬುದನ್ನು ನಾನು ಬರೆದಿರಲಿಲ್ಲ. ತಪ್ಪೆಂದು ತೋರಿಸಿದ ಆ ಕೆಂಪು ಸಾಲನ್ನು ಹಸಿರು ಮಾಡಲು ಒಂದು ಸಂಜೆ ಹೋಯಿತು, ಆ ಸಂಜೆ ಕಲಿತದ್ದು ಇವತ್ತಿಗೂ ಕೆಲಸಕ್ಕೆ ಬರುತ್ತಿದೆ. ಎಲ್ಲವೂ ಬ್ರೌಸರ್‌ನಲ್ಲಿಯೇ ನಡೆಯುವುದರಿಂದ ಕಾಲೇಜಿನ ಲ್ಯಾಬ್ ಸಾಕು, ಸ್ವಂತ ಲ್ಯಾಪ್‌ಟಾಪ್ ಬೇಕೇಬೇಕು ಎಂದೇನಿಲ್ಲ. ಫೋನ್‌ನಲ್ಲಿ ಮಾತ್ರ ಕಷ್ಟ. ಪತ್ರದ ಕೊಂಡಿ `certificates.cs50.io` ಎಂಬ ವಿಳಾಸದಲ್ಲಿ ತೆರೆದುಕೊಳ್ಳುತ್ತದೆ. ಪ್ರಾಜೆಕ್ಟ್ ನನ್ನ ಊರಿನ ಅಡಿಕೆ ಮಾರಾಟದ ಲೆಕ್ಕ ಇಡುವ ಒಂದು ಸಣ್ಣ ತಾಣವಾಗಿತ್ತು. ಸಂದರ್ಶನದಲ್ಲಿ ಪತ್ರಕ್ಕಿಂತ ಅದರ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿದರು.

ಲ್ಯಾಬ್ ಮೇಷ್ಟ್ರು

ಪುತ್ತೂರಿನವರ ಮಾತನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಆ ಕೋರ್ಸಿಗೆ ದಿನಕ್ಕೆ ಒಂದೂವರೆ ಗಂಟೆ ಸಾಕಾಗುವುದು ಅನುಮಾನ. ಕಾಲೇಜಿನ ಪರೀಕ್ಷೆಗಳ ನಡುವೆ ಅರ್ಧಕ್ಕೆ ಬಿಟ್ಟವರೇ ನಮ್ಮಲ್ಲಿ ಹೆಚ್ಚು. ಎರಡನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಹಿಡಿಯಬೇಡಿ. ಜುಲೈ ಸೆಮಿಸ್ಟರ್‌ನಲ್ಲಿ ಎಂಟು ವಾರದ ಎನ್‌ಪಿಟಿಇಎಲ್ ಕೋರ್ಸ್ ಒಂದನ್ನು ತೆಗೆದುಕೊಂಡು, ಅದರ ಪರೀಕ್ಷಾ ದಿನಾಂಕ ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷೆಗೆ ಡಿಕ್ಕಿ ಹೊಡೆಯುವುದಿಲ್ಲವೇ ಎಂದು ನೋಡಿಕೊಂಡು ನೋಂದಾಯಿಸಿ. ದಿನಾಂಕವನ್ನು ಕೋರ್ಸಿನ ಪುಟದಲ್ಲಿ ಮೊದಲ ದಿನದಿಂದಲೇ ಹಾಕಿರುತ್ತಾರೆ. ಇಂಗ್ಲಿಷ್ ಉಚ್ಚಾರ ಅರ್ಥವಾಗದಿದ್ದರೆ ಹಲವು ಕೋರ್ಸ್‌ಗಳ ಪಾಠಗಳಿಗೆ ಕನ್ನಡ ಅನುವಾದದ ಪಿಡಿಎಫ್‌ಗಳು ಎನ್‌ಪಿಟಿಇಎಲ್ ತಾಣದಲ್ಲಿಯೇ ಇವೆ. ಪರೀಕ್ಷೆ ಇಂಗ್ಲಿಷ್‌ನಲ್ಲಿಯೇ ಇರುತ್ತದೆ, ಆದ್ದರಿಂದ ಅನುವಾದವನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲಿಯೇ ನೆನಪಿಡಿ.

ಇನ್ನೊಂದು ಸಂಗತಿ. ಪರೀಕ್ಷಾ ಅರ್ಜಿಯಲ್ಲಿ ನೀವು ತುಂಬಿದ ಹೆಸರೇ ಪ್ರಮಾಣಪತ್ರದಲ್ಲಿ ಅಚ್ಚಾಗುತ್ತದೆ, ಅರ್ಜಿ ಮುಚ್ಚಿದ ಮೇಲೆ ತಿದ್ದಲು ಬರುವುದಿಲ್ಲ. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಕೆಲವರಿಗೆ ತಂದೆಯ ಹೆಸರು ಪೂರ್ತಿ. ಅಂಕಪಟ್ಟಿಯಲ್ಲಿ ಇರುವಂತೆಯೇ ತುಂಬಿ.

ಶಿರಸಿಯ ಬಿಕಾಂ ಪದವೀಧರೆ

ನನ್ನ ಅನುಭವವನ್ನೂ ಸೇರಿಸುತ್ತೇನೆ, ಇದನ್ನು ಓದುವ ಒಬ್ಬರಾದರೂ ತಪ್ಪಿಸಿಕೊಳ್ಳಲಿ. ಎರಡು ವರ್ಷದ ಹಿಂದೆ ವಾಟ್ಸಾಪ್‌ನಲ್ಲಿ ಉಚಿತ ಕೋರ್ಸ್ ಮತ್ತು ಇಂಟರ್ನ್‌ಶಿಪ್ ಎಂಬ ಸಂದೇಶ ಬಂತು. ಪಾಠ ಉಚಿತವಾಗಿಯೇ ಇತ್ತು. ಕೊನೆಯಲ್ಲಿ ಪತ್ರ ಇಳಿಸಿಕೊಳ್ಳಲು 499 ರೂಪಾಯಿ ಸಂಸ್ಕರಣಾ ಶುಲ್ಕ ಕೇಳಿದರು, ಕಟ್ಟಿದೆ. ಪತ್ರದಲ್ಲಿ ದೊಡ್ಡ ಮುದ್ರೆ, ಎರಡು ಸಹಿ, ಕೆಳಗೆ ಒಂದು ಕ್ಯೂಆರ್ ಚಿತ್ರ. ಬ್ಯಾಂಕೊಂದರ ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ಅಲ್ಲಿಯೇ ಫೋನ್ ತೆಗೆದು ಸ್ಕ್ಯಾನ್ ಮಾಡಿದಾಗ ಅದು ಆ ತಾಣದ ಮುಖಪುಟಕ್ಕೆ ಹೋಯಿತು, ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಅವರು ಏನೂ ಹೇಳಲಿಲ್ಲ, ಆದರೆ ನನಗೆ ತಲೆ ಎತ್ತಲಾಗಲಿಲ್ಲ. ಸೇರುವ ಮೊದಲೇ ಹಳೆಯ ವಿದ್ಯಾರ್ಥಿಯೊಬ್ಬರ ಪತ್ರ ಹುಡುಕಿ ಆ ಚಿತ್ರವನ್ನು ಸ್ಕ್ಯಾನ್ ಮಾಡಿ ನೋಡಿ. ಹೆಸರು, ಕೋರ್ಸ್, ದಿನಾಂಕ ಇರುವ ಪುಟ ತೆರೆಯದಿದ್ದರೆ ಮುಂದಕ್ಕೆ ಹೋಗಬೇಡಿ.

ತೆಂಗಿನಸೀಮೆ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇವತ್ತು ಸಂಜೆ ಲ್ಯಾಬಿನಲ್ಲಿ ಕುಳಿತು ನನ್ನ ಹನ್ನೊಂದು ಪತ್ರಗಳ ಕ್ಯೂಆರ್ ಚಿತ್ರಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದೆ. ನನ್ನ ಹೆಸರು ತೋರಿಸಿದ್ದು ನಾಲ್ಕು ಮಾತ್ರ, ಮೂರರಲ್ಲಿ ಚಿತ್ರವೇ ಇಲ್ಲ. ಉಳಿದವು ಎಲ್ಲೆಲ್ಲಿಗೋ ಹೋದವು. ಜುಲೈನಲ್ಲಿ ಡೇಟಾಬೇಸ್ ಕೋರ್ಸಿಗೆ ಸೇರುತ್ತೇನೆ; ಮೊದಲ ಮೂರು ಅಸೈನ್‌ಮೆಂಟ್‌ಗಳನ್ನು ಯಾರ ಸಹಾಯವೂ ಇಲ್ಲದೆ ಮಾಡಿ, ಅಂಕ ನೋಡಿ, ಆಮೇಲೆ ಮನೆಯಲ್ಲಿ ಹಣ ಕೇಳುತ್ತೇನೆ. ಸಿಎಸ್50 ಅನ್ನು ಬೇಸಿಗೆ ರಜೆಗೆ ಇಟ್ಟುಕೊಂಡಿದ್ದೇನೆ.

ಕ್ರೆಡಿಟ್ ಬಗ್ಗೆ ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ವಿಶ್ವವಿದ್ಯಾಲಯದಿಂದ ಸ್ಪಷ್ಟ ಸುತ್ತೋಲೆ ತಮ್ಮ ಕೈಗೆ ಬಂದಿಲ್ಲ, ಪ್ರಾಂಶುಪಾಲರ ಮೂಲಕ ಪತ್ರ ಬರೆದು ಕೇಳೋಣ ಎಂದರು. ನಮ್ಮ ಕಾಲೇಜಿನಲ್ಲಿ ಲೋಕಲ್ ಚಾಪ್ಟರ್ ಇಲ್ಲ. ಅದಿಲ್ಲದಿದ್ದರೂ ನಾನೊಬ್ಬಳೇ ಸೇರಬಹುದೇ?

ಲ್ಯಾಬ್ ಮೇಷ್ಟ್ರು

ಖಂಡಿತ ಸೇರಬಹುದು, ಚಾಪ್ಟರ್ ಇದ್ದರೆ ಕಾಲೇಜಿನ ಕಡೆಯಿಂದ ಒಬ್ಬರು ನೆನಪಿಸುತ್ತಿರುತ್ತಾರೆ ಅಷ್ಟೇ. ನೀವು ನೀವೇ ನೆನಪಿಟ್ಟುಕೊಳ್ಳಬೇಕು: ಸಾಮಾನ್ಯವಾಗಿ ಬುಧವಾರ ರಾತ್ರಿ 11:59ಕ್ಕೆ ಆಯಾ ವಾರದ ಅಸೈನ್‌ಮೆಂಟ್ ಮುಚ್ಚುತ್ತದೆ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಸಲ್ಲಿಸಬಹುದು, ಕೊನೆಯ ಸಲದ್ದೇ ಲೆಕ್ಕಕ್ಕೆ. ಲ್ಯಾಬ್ ಐದಕ್ಕೆ ಮುಚ್ಚುವುದರಿಂದ ಮಂಗಳವಾರವೇ ಸಲ್ಲಿಸಿಬಿಡಿ. ಪ್ರಾಂಶುಪಾಲರಿಗೆ ಕೊಡುವ ಪತ್ರದಲ್ಲಿ ಕೋರ್ಸಿನ ಹೆಸರು, ವಾರಗಳ ಸಂಖ್ಯೆ, ಪಠ್ಯವಿವರ ಮೂರನ್ನೂ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ. ಉತ್ತರ ಬಂದಾಗ ಇಲ್ಲಿ ತಿಳಿಸಿ. ನಿಮ್ಮ ವಿಶ್ವವಿದ್ಯಾಲಯದ ಬೇರೆ ಕಾಲೇಜುಗಳವರೂ ಅದಕ್ಕಾಗಿ ಕಾಯುತ್ತಿದ್ದಾರೆ.